ರೊಟ್ಟಿ ಬಡಿಯಲಿಕ್ಕೆ ಆಗತೈತೇನ್ರಿ ಎಂದು ಕೇಳಬೇಕಿತ್ತು

ವಿಜಯಪುರದ ಒಂದು ಆಸ್ಪತ್ರೆಯ ಕೀಮೋ ವಾರ್ಡಿನಲ್ಲಿ ನಾನು ನರ್ಸ್. ಸಲೈನ್ ಹಚ್ಚಿಸಿಕೊಂಡು ಮಲಗಿದವರು ದಿನವಿಡೀ ನನ್ನ ಕಣ್ಣೆದುರಿಗೇ ಇರುತ್ತಾರೆ. ಮಾತ್ರೆ ಒಯ್ದು ಮನೆಯಲ್ಲಿ ನುಂಗುವವರು ಮಾತ್ರ ಮೂರು ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ನಡುವಿನ ಇಪ್ಪತ್ತು ದಿನ ಅವರ ಕೈಕಾಲಿಗೆ ಏನಾಯಿತು ಎಂಬುದು ಅವರು ಹೇಳಿದರಷ್ಟೇ ಗೊತ್ತು. ಹೇಳಬೇಕಾದರೆ ನಾವು ಸರಿಯಾಗಿ ಕೇಳಿರಬೇಕು. ಅದನ್ನು ನಾನು ಕಲಿತದ್ದು ಒಬ್ಬ ತಾಯಿಯ ಅಂಗೈ ನೋಡಿ.

ಆಕೆಗೆ ಐವತ್ತೆರಡು ವರ್ಷ. ಸ್ತನದ ಕ್ಯಾನ್ಸರ್. ಮೊದಲು ಕೀಮೋ, ಆಮೇಲೆ ಆಪರೇಷನ್ ಆಗಿತ್ತು. ತೆಗೆದ ಗಡ್ಡೆಯಲ್ಲಿ ಇನ್ನೂ ರೋಗ ಉಳಿದಿತ್ತೆಂದು ಡಾಕ್ಟರು ಕೆಪೆಸಿಟಾಬೈನ್ ಎಂಬ ಕೀಮೋ ಮಾತ್ರೆ ಬರೆದಿದ್ದರು. 500 ಮಿಲಿಗ್ರಾಂನವು, ಊಟವಾದ ಅರ್ಧ ಗಂಟೆಯೊಳಗೆ ಮುಂಜಾನೆ ನಾಲ್ಕು, ಸಂಜೆ ನಾಲ್ಕು. ಹದಿನಾಲ್ಕು ದಿನ ನುಂಗಿ ಏಳು ದಿನ ಬಿಡುವು, ಇದು ಒಂದು ಸುತ್ತು. ಬಸವನ ಬಾಗೇವಾಡಿ ಕಡೆಯ ಹಳ್ಳಿಯವರು. ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವರ ಉದ್ಯೋಗ.

ಈ ಮಾತ್ರೆಯಿಂದ ಅಂಗೈ ಅಂಗಾಲಿನ ಚರ್ಮ ಕೆಡುವುದುಂಟು, ಅದಕ್ಕೆ ಹ್ಯಾಂಡ್-ಫುಟ್ ಸಿಂಡ್ರೋಮ್ ಎನ್ನುತ್ತಾರೆ. ಎರಡನೇ ಸುತ್ತಿನ ಮಾತ್ರೆ ಒಯ್ಯಲು ಬಂದಾಗ ನಾನು ಕೇಳಿದ್ದು ಇಷ್ಟೇ: "ಯವ್ವಾ, ಅಂಗೈ ಅಂಗಾಲು ಕೆಂಪಾಗ್ಯಾವೇನ್ರಿ?" ಆಕೆ ಎರಡೂ ಅಂಗೈ ತಿರುವಿ ತೋರಿಸಿ, "ಇಲ್ರಿ ಸಿಸ್ಟರ್, ಇದ್ದಂಗ ಅದಾವು" ಎಂದರು. ನಾನೂ ನೋಡಿದೆ, ಕೆಂಪಿರಲಿಲ್ಲ. ಬರೆದುಕೊಂಡು ಕಳಿಸಿದೆ.

ತಪ್ಪಾದದ್ದು ಅಲ್ಲೇ. ಪುಸ್ತಕದಲ್ಲಿ ಕೆಂಪು ಎಂದಿರುತ್ತದೆ. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಅಂಗೈಯ ಗೆರೆಗಳು ಕಪ್ಪಾಗುತ್ತವೆ, ಬೆರಳ ತುದಿಯ ಚರ್ಮ ಹೊಳೆಯುತ್ತದೆ, ಬಿಗಿಯಾಗುತ್ತದೆ. ಅದಕ್ಕೂ ಮೊದಲು ಬರುವುದು ಜುಮುಜುಮು ಮತ್ತು ಉರಿ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಆಕೆಗೆ ಮೊದಲ ಸುತ್ತಿನ ಕೊನೆಗೇ ಜುಮುಜುಮು ಶುರುವಾಗಿತ್ತಂತೆ. ಕೆಂಪಾಗಿದೆಯೇ ಎಂದು ಕೇಳಿದ್ದಕ್ಕೆ ಕೆಂಪಾಗಿಲ್ಲ ಎಂದು ಹೇಳಿದ್ದರು, ಅಷ್ಟೇ.

ಎರಡನೇ ಸುತ್ತಿನ ಹನ್ನೆರಡನೇ ದಿನ ಮಗನ ಫೋನ್ ಬಂತು. "ಅವ್ವಗ ಎದ್ದು ಬಚ್ಚಲಕ್ಕ ಹೋಗಾಕ ಆಗವಲ್ದರಿ." ಫೋಟೊ ಕಳಿಸಲು ಹೇಳಿದೆ. ಬಲಗೈಯ ಬುಡದಲ್ಲಿ, ಮಣಿಕಟ್ಟಿಗೆ ಸ್ವಲ್ಪ ಮೇಲೆ, ನೀರು ತುಂಬಿದ ಗುಳ್ಳೆ. ಬೆರಳ ತುದಿಗಳಲ್ಲಿ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು. ಎರಡೂ ಹಿಮ್ಮಡಿಗಳಲ್ಲಿ ಸೀಳು, ಬೆರಳಿನ ಬುಡದಲ್ಲಿ ಗುಳ್ಳೆ. ಡಾಕ್ಟರಿಗೆ ತೋರಿಸಿದೆ. ಅವರು ಹೇಳಿದ್ದು, ಸಂಜೆಯ ಮಾತ್ರೆ ಬೇಡ, ನಾಳೆಯದೂ ಬೇಡ, ತಪ್ಪಿದ ಮಾತ್ರೆಯನ್ನು ಆಮೇಲೆ ಕೂಡಿಸಿ ನುಂಗುವುದೂ ಬೇಡ.

ಮರುದಿನ ಕರೆಸಿಕೊಂಡು ಕೂರಿಸಿ ಕೇಳಿದಾಗ ಎಲ್ಲ ಹೊರಬಂತು. ಒಂಬತ್ತನೇ ದಿನಕ್ಕೇ ಅಂಗೈಗೆ ಖಾರ ಹಚ್ಚಿದ ಹಾಗೆ ಉರಿ ಎದ್ದಿತ್ತು. ಆದರೂ ರೊಟ್ಟಿ ಬಡಿಯುವುದನ್ನು ಬಿಟ್ಟಿರಲಿಲ್ಲ, ಮಾತ್ರೆಯನ್ನೂ ಬಿಟ್ಟಿರಲಿಲ್ಲ. "ಹೇಳಿದ್ರ ಗುಳಿಗಿ ಬಂದ್ ಮಾಡ್ತೀರಿ, ರೋಗ ಹೊಳ್ಳಿ ಬರತೈತಿ ಅಂತ ಹೆದರಿದ್ಯಾ" ಎಂದರು. ಈ ಭಯವನ್ನು ನಾನು ಆಮೇಲೆ ಎಷ್ಟೋ ಜನರಲ್ಲಿ ಕಂಡಿದ್ದೇನೆ. ಅದಕ್ಕೇ ಈಗ ಮೊದಲ ದಿನವೇ ಹೇಳಿಬಿಡುತ್ತೇನೆ: ಕೈಕಾಲು ನೋಯತೊಡಗಿದಾಗ ಡಾಕ್ಟರ ಮಾತಿನ ಮೇಲೆ ನಾಲ್ಕು ದಿನ ನಿಲ್ಲಿಸುವುದು, ಪ್ರಮಾಣ ಇಳಿಸುವುದು ಈ ಔಷಧಿ ಕೊಡುವ ರೀತಿಯಲ್ಲೇ ಇದೆ. ತಡೆದುಕೊಂಡು ನುಂಗಿದರೆ ಕೊನೆಗೆ ವಾರಗಟ್ಟಲೆ ನಿಲ್ಲಿಸಬೇಕಾಗುತ್ತದೆ.

ಗುಳ್ಳೆ ಕೈಯ ಬುಡದಲ್ಲೇ ಏಕೆ ಎದ್ದಿತು ಎಂದು ಆಕೆ ಕೇಳಿದರು. ನಾನು ಹಿಟ್ಟು ನಾದುವುದನ್ನು ಮಾಡಿ ತೋರಿಸಲು ಹೇಳಿದೆ. ಖಾಲಿ ಟ್ರೇಯ ಮೇಲೆ ತೋರಿಸಿದರು. ಕುದಿಯುವ ಎಸರು ಹಾಕಿದ ಹಿಟ್ಟನ್ನು ಬಿಸಿ ಆರುವ ಮೊದಲೇ ಕೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ, ಆಮೇಲೆ ಬೆರಳ ತುದಿಯಿಂದ ತಟ್ಟಿ ತಟ್ಟಿ ರೊಟ್ಟಿ ಹಿಗ್ಗಿಸುತ್ತಾರೆ. ಎಲ್ಲಿ ಒತ್ತು ಬೀಳುತ್ತಿತ್ತೋ ಅಲ್ಲೇ ಗುಳ್ಳೆ, ಎಲ್ಲಿ ತಟ್ಟುತ್ತಿದ್ದರೋ ಅಲ್ಲೇ ಸಿಪ್ಪೆ. ಈ ಮಾತ್ರೆ ಮೈಯೊಳಗೆ ಹೋಗಿ ನಿಜವಾದ ಕ್ಯಾನ್ಸರ್ ಔಷಧಿಯಾಗಿ ಬದಲಾಗಲು ಒಂದು ಕಿಣ್ವ ಬೇಕು. ಆ ಕಿಣ್ವ ಅಂಗೈಯ ಚರ್ಮದಲ್ಲಿ ಹೆಚ್ಚು. ಅದರ ಮೇಲೆ ಬಿಸಿ, ತಿಕ್ಕಾಟ, ಒತ್ತಡ ಮೂರೂ ಸೇರಿದರೆ ಚರ್ಮ ತಾಳುವುದಿಲ್ಲ. ಕಾಲಿನದೂ ಅದೇ ಕಥೆ. ಏಪ್ರಿಲ್ ತಿಂಗಳು, ಬರಿಗಾಲಲ್ಲಿ ಅಂಗಳ, ಗುಡಿ, ಹೊಲದ ಬದು.

ಮಾತ್ರೆ ನಿಲ್ಲಿಸಿದ ಮೇಲಿನ ಹತ್ತು ದಿನ ಮಾಡಿದ್ದನ್ನು ಹೇಳುತ್ತೇನೆ. ಗುಳ್ಳೆ ಒಡೆಯಲಿಲ್ಲ. ಎದ್ದ ಸಿಪ್ಪೆಯನ್ನು ಎಳೆಯದೆ, ತೊಡಕುವ ತುದಿಯನ್ನಷ್ಟೇ ಸ್ವಚ್ಛ ಕತ್ತರಿಯಿಂದ ತೆಗೆದೆವು. ಉರಿ ಹೆಚ್ಚಿದಾಗ ತಣ್ಣೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಹದಿನೈದು ನಿಮಿಷ ಸುತ್ತಿಡುವುದು. ಐಸ್ ನೇರವಾಗಿ ಇಡುವಂತಿಲ್ಲ. ಚರ್ಮ ಒಡೆಯದೆ ಊದಿ ನೋಯುವ ಜಾಗಕ್ಕೆ ಡಾಕ್ಟರು ಬರೆದ ಸ್ಟಿರಾಯ್ಡ್ ಮುಲಾಮು ದಿನಕ್ಕೆರಡು ಸಲ, ಅವರು ಹೇಳಿದಷ್ಟು ದಿನ ಮಾತ್ರ. ಸೀಳಿದ ಹಿಮ್ಮಡಿಗೆ ಬರೀ ವ್ಯಾಸಲೀನ್, ಮೇಲೆ ಸಡಿಲ ಹತ್ತಿ ಕಾಲುಚೀಲ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಒರೆಸುವಾಗ ತಿಕ್ಕದೆ ಒತ್ತಿ ತೆಗೆಯುವುದು. ಮನೆಯಲ್ಲಿ ಅತ್ತಿಗೆ ಅರಿಷಿಣ ಹಾಗೂ ಬೇವಿನ ಲೇಪ ಹಚ್ಚಿದ್ದರು. ಅದನ್ನು ತೊಳೆಸಿದೆ. ಪ್ರೀತಿಯಿಂದಲೇ ಹಚ್ಚಿದ್ದರು, ಆದರೆ ಒಡೆದ ಚರ್ಮಕ್ಕೆ ಅದು ಉರಿ ಹೆಚ್ಚಿಸುತ್ತದೆ, ಒಣಗಿದ ಲೇಪ ಕೀಳುವಾಗ ಚರ್ಮವೂ ಬರುತ್ತದೆ, ಒಳಗೆ ಕೀವಾದರೂ ಹಳದಿಯಲ್ಲಿ ಕಾಣುವುದಿಲ್ಲ. ಕೀವು, ಕೆಟ್ಟ ವಾಸನೆ, ಜ್ವರ, ಅಥವಾ ಜೊತೆಗೆ ಭೇದಿ, ಬಾಯಿಹುಣ್ಣು ಬಂದರೆ ಅದು ಕೈಕಾಲಿನ ಮಾತಷ್ಟೇ ಅಲ್ಲ. ಅವತ್ತೇ, ರಾತ್ರಿಯಾದರೂ, ಆಸ್ಪತ್ರೆಗೆ ಬರಬೇಕು ಎಂದು ಮಗನಿಗೆ ಎರಡು ಸಲ ಹೇಳಿ ಕಳಿಸಿದೆ.

ನಾಲ್ಕನೇ ದಿನಕ್ಕೆ ಉರಿ ಇಳಿಯಿತು. ಹತ್ತನೇ ದಿನಕ್ಕೆ ಹಳೆಯ ಚರ್ಮ ಉದುರಿ ಕೆಳಗೆ ತೆಳ್ಳಗಿನ ಹೊಸ ಚರ್ಮ ಬಂದಿತ್ತು. ನಡೆಯಲಾಗದಷ್ಟು ಜೋರಾಗಿದ್ದರಿಂದ ಡಾಕ್ಟರು ಮೂರನೇ ಸುತ್ತನ್ನು ಮುಂಜಾನೆ ಮೂರು, ಸಂಜೆ ಮೂರು ಮಾತ್ರೆಗೆ ಇಳಿಸಿದರು. ಅಂದರೆ ಮುಕ್ಕಾಲು ಪ್ರಮಾಣ.

ಮೂರನೇ ಸುತ್ತಿನಿಂದ ಚರ್ಮದ ಆರೈಕೆಯನ್ನು ನೋವು ಬರುವ ಮೊದಲೇ ಶುರು ಮಾಡಿದೆವು. ಶೇಕಡಾ 10ರ ಯೂರಿಯಾ ಕ್ರೀಮ್ ದಿನಕ್ಕೆರಡು ಸಲ, ಅಂಗೈಗೂ ಅಂಗಾಲಿಗೂ. ಇದು ಒಡೆಯದ ಚರ್ಮಕ್ಕೆ ಮಾತ್ರ, ಸೀಳಿದ್ದಲ್ಲಿ ಹಚ್ಚಿದರೆ ಚುರುಗುಟ್ಟುತ್ತದೆ. ರಾತ್ರಿ ಹಚ್ಚಿಕೊಂಡು ಕಾಲುಚೀಲ ಹಾಕಿ ಮಲಗಿದರೆ ಹಾಸಿಗೆಗೆ ಒರೆಸಿಹೋಗುವುದಿಲ್ಲ. ಮೆತ್ತನೆ ಚಪ್ಪಲಿ ಮನೆಯೊಳಗೂ.

ಇನ್ನೊಂದು, ಡೈಕ್ಲೋಫೆನಾಕ್ ಜೆಲ್. ದಿಲ್ಲಿಯ ಏಮ್ಸ್‌ನವರು ಕೆಪೆಸಿಟಾಬೈನ್ ನುಂಗುವ 264 ಜನರಲ್ಲಿ ಇದನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಶೇಕಡಾ 1ರ ಜೆಲ್ ಅನ್ನು ದಿನಕ್ಕೆರಡು ಸಲ ಕೈಗೆ ಹಚ್ಚಿದವರಲ್ಲಿ ನೋಯುವಷ್ಟು ಜೋರಾದ ತೊಂದರೆ ಬಂದದ್ದು ನೂರಕ್ಕೆ ಸುಮಾರು ನಾಲ್ಕು ಜನರಿಗೆ. ಔಷಧಿಯಿಲ್ಲದ ಜೆಲ್ ಹಚ್ಚಿದವರಲ್ಲಿ ನೂರಕ್ಕೆ ಹದಿನೈದು ಜನರಿಗೆ. ಅವರು ನೋಡಿದ್ದು ಬರದ ಹಾಗೆ ತಡೆಯಲಿಕ್ಕೆ, ಬಂದ ಮೇಲೆ ವಾಸಿಮಾಡಲಿಕ್ಕಲ್ಲ. ನಮ್ಮ ಡಾಕ್ಟರು ಈಕೆಗೂ ಬರೆದರು. ಇಲ್ಲಿ ಒಂದು ಎಡವಟ್ಟಾಯಿತು. ಮಗ ಔಷಧಿ ಅಂಗಡಿಯಿಂದ ತಂದದ್ದು ಮೊಣಕಾಲು ನೋವಿಗೆ ಹಚ್ಚುವ ಟ್ಯೂಬ್. ಹೆಸರು ಡೈಕ್ಲೋಫೆನಾಕ್ ಎಂದೇ ಇತ್ತು, ಆದರೆ ಅದರಲ್ಲಿ ಮೆಂಥಾಲ್ ಮತ್ತು ಮಿಥೈಲ್ ಸ್ಯಾಲಿಸಿಲೇಟ್ ಕೂಡ ಸೇರಿತ್ತು. ಹಚ್ಚಿದ ಕೂಡಲೇ ಹೊಸ ಚರ್ಮ ಧಗಧಗ ಉರಿದು ಆಕೆ ಅತ್ತುಬಿಟ್ಟರು. ಅಂದಿನಿಂದ ಟ್ಯೂಬನ್ನು ನನಗೆ ತೋರಿಸದೆ ಹಚ್ಚಬೇಡಿ ಎನ್ನುತ್ತೇನೆ. ಬರೀ ಡೈಕ್ಲೋಫೆನಾಕ್ ಇರುವ ಜೆಲ್ ಸಿಗುತ್ತದೆ, ಕೇಳಿ ತರಿಸಬೇಕಷ್ಟೆ. ವಿಟಮಿನ್ ಬಿ6 ಮಾತ್ರೆಯನ್ನು ಇದಕ್ಕಾಗಿ ವರ್ಷಗಟ್ಟಲೆ ಕೊಟ್ಟಿದ್ದೇವೆ. ಪರೀಕ್ಷೆ ಮಾಡಿ ನೋಡಿದಾಗ ಅದು ತಡೆಯಲಿಲ್ಲ, ಹಾಗಾಗಿ ನಾನೀಗ ಅದರ ಮೇಲೆ ಭರವಸೆ ಇಡುವುದಿಲ್ಲ.

ರೊಟ್ಟಿಯ ಮಾತು ಕಷ್ಟದ್ದು. ಬಿಡಿ ಎಂದು ಹೇಳುವುದು ಸುಲಭ, ಅದೇ ಅವರ ಅನ್ನ. ಕುಳಿತು ಲೆಕ್ಕ ಹಾಕಿದೆವು. ಒಂಬತ್ತನೇ ದಿನದಿಂದ ಬಿಡುವಿನ ಏಳು ದಿನ ಮುಗಿಯುವವರೆಗೆ ನಾದುವುದು, ಬಡಿಯುವುದು ಎರಡೂ ಸೊಸೆಯದು. ಬೇಯಿಸಿದ ರೊಟ್ಟಿ ಎಣಿಸಿ ಕಟ್ಟುವುದು, ಖಾನಾವಳಿಯ ಲೆಕ್ಕ ಇವರದು. ಮೊದಲ ಎಂಟು ದಿನ ಎಸರಿನ ಬಿಸಿ ಹಿಟ್ಟಿಗೆ ಕೈ ಹಾಕದೆ, ಆರಿದ ಮೇಲೆ ಸ್ವಲ್ಪ ಬಡಿಯಬಹುದು. ಪಾತ್ರೆ ತೊಳೆಯುವ ರಬ್ಬರ್ ಕೈಚೀಲ ಹಾಕಿಕೊಂಡು ನಾದುತ್ತೇನೆ ಎಂದರು. ಅದರೊಳಗೆ ಬಿಸಿ ಮತ್ತು ಬೆವರು ಕೂಡುತ್ತದೆ, ಬೇಡವೆಂದೆ.

ಈಗ ಮಾತ್ರೆ ಒಯ್ದವರಿಗೆಲ್ಲ ಒಂಬತ್ತನೇ ದಿನ ನಾನೇ ಫೋನ್ ಮಾಡುತ್ತೇನೆ. ಬಣ್ಣ ಕೇಳುವುದಿಲ್ಲ. "ಇವತ್ತ ರೊಟ್ಟಿ ಬಡದ್ರೇನ್ರಿ? ಬಟ್ಟಿ ಹಿಂಡಿದ್ರೇನ್ರಿ? ಗುಂಡಿ ಹಾಕ್ಕೊಳಾಕ ಆಗತೈತಿ? ತುತ್ತು ಕಲಸಾಕ ನೋವಾಗತೈತಿ?" ಬರೀ ಜುಮುಜುಮು, ಕೆಲಸವೆಲ್ಲ ಆಗುತ್ತಿದೆ ಎಂದರೆ ಅದು ಮೊದಲ ಹಂತ, ಕ್ರೀಮ್ ಮುಂದುವರಿಸಿ ಎರಡು ದಿನ ಬಿಟ್ಟು ಮತ್ತೆ ಕೇಳುತ್ತೇನೆ. ನೋವಿಗೆ ರೊಟ್ಟಿ ಬಿಟ್ಟೆ ಎಂದರೆ ಅದು ಎರಡನೇ ಹಂತ, ಮುಂದಿನ ಮಾತ್ರೆಗೆ ಮೊದಲು ಡಾಕ್ಟರ ಜೊತೆ ಮಾತಾಡಲೇಬೇಕು. ಕಲಸಿ ತಿನ್ನಲು, ಸೀರೆ ಉಡಲು, ಬಚ್ಚಲಿಗೆ ನಡೆಯಲು ಆಗುತ್ತಿಲ್ಲವೆಂದರೆ ಮೂರನೆಯದು. ಈ ಪ್ರಶ್ನೆ ಮೊದಲೇ ಕೇಳಿದ್ದರೆ ಆ ತಾಯಿಗೆ ಮೂರು ದಿನ ಮೊದಲೇ ಮಾತ್ರೆ ನಿಲ್ಲುತ್ತಿತ್ತು, ಹಿಮ್ಮಡಿ ಸೀಳುತ್ತಿರಲಿಲ್ಲ.

ಆರು ಸುತ್ತೂ ಮುಗಿಸಿದರು. ಐದನೆಯದರಲ್ಲಿ ಮತ್ತೆ ಉರಿ ಎದ್ದಿತು. ಈ ಸಲ ಅವರೇ ಫೋನ್ ಮಾಡಿದರು, ನಾಲ್ಕು ದಿನ ನಿಲ್ಲಿಸಿದ್ದೇ ಸಾಕಾಯಿತು. ಆರನೆಯ ಸುತ್ತಿನ ಹೊತ್ತಿಗೆ ಇನ್ನೊಂದು ತೊಂದರೆ ಬಂತು. ಬೆರಳ ತುದಿಯ ಗೆರೆ ಸವೆದು ರೇಷನ್ ಅಂಗಡಿಯ ಮೆಷಿನ್ ಹೆಬ್ಬೆರಳು ಹಿಡಿಯಲಿಲ್ಲ. ಎರಡು ಸಲ ಬರಿಗೈಯಲ್ಲಿ ಮರಳಿದ್ದರು. ಡಾಕ್ಟರ ಚೀಟಿ ತೋರಿಸಿದ ಮೇಲೆ ಮೊಬೈಲಿಗೆ ಬಂದ ಓಟಿಪಿ ಮೇಲೆ ಅಕ್ಕಿ ಕೊಟ್ಟರು. ಈಗ ಆ ಚೀಟಿಯನ್ನೂ ಮೊದಲೇ ಬರೆಸಿಕೊಡುತ್ತೇನೆ. ಮಾತ್ರೆ ಮುಗಿದ ಎರಡನೇ ತಿಂಗಳು ಮಗ ಫೋನ್ ಮಾಡಿ, "ಸಿಸ್ಟರ್, ಅವ್ವನ ಹೆಬ್ಬಟ್ಟು ಮಷಿನ್ ತಗೊಂತ್ರಿ" ಎಂದ.