ನಮ್ಮ ಅಂಗಡಿಯ ಚಾಟ್‌ಬಾಟ್‌ಗೆ ಮೊದಲ ಮಾತು ಬರೆದದ್ದು

ಆನ್‌ಲೈನ್‌ನಲ್ಲಿ ಶೂ ಮಾರುವ ಒಂದು ಅಂಗಡಿಗೆ ನಾನು ಚಾಟ್‌ನ ಮಾತುಗಳನ್ನು ಬರೆಯುತ್ತೇನೆ. ಕೆಲಸಕ್ಕೆ ಸೇರಿದಾಗ ಅಲ್ಲಿನ ಬಾಟ್‌ಗೆ ಆಗಲೇ ಒಂದು ಹುಡುಗಿಯ ಹೆಸರಿತ್ತು, ನಗುವ ಮುಖದ ಒಂದು ಫೋಟೋ ಇತ್ತು. ಚಾಟ್ ತೆರೆದ ಕೂಡಲೇ ಮೂರು ಚುಕ್ಕಿಗಳು ಕುಣಿಯುತ್ತಿದ್ದವು, ಯಾರೋ ಟೈಪ್ ಮಾಡುತ್ತಿರುವ ಹಾಗೆ. ಉತ್ತರ ಸಿದ್ಧವಿದ್ದರೂ ಮೂರು ಸೆಕೆಂಡ್ ಬೇಕಂತಲೇ ತಡ ಮಾಡುತ್ತಿದ್ದರು. ಆಮೇಲೆ ಈ ಮಾತು ಬರುತ್ತಿತ್ತು: "ಹಾಯ್! ನಿಮ್ಮನ್ನು ನೋಡಿ ತುಂಬಾ ಖುಷಿಯಾಯ್ತು. ನಾನು ನಿಮಗೆ ಹೇಗೆ ಸಹಾಯ ಮಾಡಲಿ?"

ಒಂದು ದಿನ ಹಳೆಯ ಚಾಟ್‌ಗಳನ್ನು ಓದುತ್ತಾ ಕೂತಿದ್ದಾಗ ಒಂದು ಸಿಕ್ಕಿತು. ಗಿರಾಕಿಯೊಬ್ಬರು ಅಪ್ಪನಿಗೆ ಶೂ ಕೊಳ್ಳುವವರಿದ್ದರು. ಅಪ್ಪನಿಗೆ ಮೊಣಕಾಲು ನೋವು, ನೆಲದ ಮೇಲೆ ಜಾರಬಾರದು ಅಂತೆಲ್ಲ ವಿವರವಾಗಿ ಬರೆದಿದ್ದರು. ಕೊನೆಗೆ ಕೇಳಿದ್ದರು: "ನೀವು ಅಂಗಡಿಯಲ್ಲೇ ಇದ್ದೀರಲ್ವಾ ಮೇಡಂ, ಒಮ್ಮೆ ಬಾಕ್ಸ್ ತೆಗೆದು ಅಡಿಭಾಗ ಮುಟ್ಟಿ ನೋಡ್ತೀರಾ? ಗಟ್ಟಿ ಇದೆಯಾ, ಮೆತ್ತಗಿದೆಯಾ?" ಬಾಟ್ ಅದಕ್ಕೆ ಉತ್ತರ ಕೊಡದೆ ಆಯ್ಕೆಗಳ ಮೆನು ಕಳಿಸಿತ್ತು. ಅವರು ಇನ್ನೊಮ್ಮೆ ಕೇಳಿದರು. ಮತ್ತೆ ಮೆನು. ಕೊನೆಯ ಸಾಲು ಹೀಗಿತ್ತು: "ಇಷ್ಟು ಹೊತ್ತು ನಾನು ಮಾತಾಡಿದ್ದು ಮಷೀನ್ ಜೊತೇನಾ?"

ಅವರಿಗೆ ಶೂ ಸಿಗದಿದ್ದದ್ದಕ್ಕಿಂತ ಆ ಸಾಲು ನನಗೆ ಜಾಸ್ತಿ ನೋವು ಕೊಟ್ಟಿತು. ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹೆಸರು, ಮುಖ, ಚುಕ್ಕಿ ಎಲ್ಲ ತೋರಿಸಿ ಒಬ್ಬ ಮನುಷ್ಯಳು ಕೂತಿದ್ದಾಳೆ ಅಂತ ನಂಬಿಸಿದ್ದು ನಾವು. ಮನುಷ್ಯರ ಹತ್ತಿರ ಕೇಳುವಂಥದ್ದನ್ನು ಅವರು ಕೇಳಿದರು, ಅಷ್ಟೇ.

ಮೊದಲು ಹೆಸರು, ಫೋಟೋ, ಸುಳ್ಳು ತಡ ಮೂರನ್ನೂ ತೆಗೆಸಿದೆ. "ಬಾಟ್ ಅಂತ ಗೊತ್ತಾದರೆ ಜನ ಹೊರಟು ಹೋಗ್ತಾರಲ್ಲ?" ಅಂತ ಮಾಲೀಕರು ಕೇಳಿದರು. ಮನುಷ್ಯರೇ ಬೇಕಾದವರು ಹೇಗೂ ಹೋಗುತ್ತಾರೆ, ಮೋಸ ಹೋದೆ ಅಂತ ಹೋಗುವುದಕ್ಕಿಂತ ಮೊದಲೇ ಗೊತ್ತಾಗಿ ಸಿಬ್ಬಂದಿಯ ಹತ್ತಿರ ಹೋಗುವುದು ಒಳ್ಳೆಯದು ಅಂದೆ. ಯುರೋಪಿಯನ್ ಒಕ್ಕೂಟದ 2024ರ ಎಐ ಕಾಯ್ದೆಯ 50ನೇ ವಿಧಿಯೂ ಇದನ್ನೇ ಕೇಳುತ್ತದೆ: ಮಾತಾಡುತ್ತಿರುವುದು ಯಂತ್ರದ ಜೊತೆ ಅಂತ ಜನರಿಗೆ ಗೊತ್ತಾಗಬೇಕು. ಮಾಲೀಕರು ಒಪ್ಪಿದರು.

ಈಗ ಬರೆಯಬೇಕಾಯಿತಲ್ಲ, ಅಲ್ಲಿ ಕನ್ನಡ ನನ್ನನ್ನು ಹಿಡಿದು ನಿಲ್ಲಿಸಿತು. ಮೊದಲ ಕರಡಿನಲ್ಲಿ "ನಾನು ನಿಮ್ಮ ಡಿಜಿಟಲ್ ಸಹಾಯಕ" ಅಂತ ಬರೆದಿದ್ದೆ. ಪರಿಚಯದ ನಾಲ್ಕು ಜನರಿಗೆ ಫೋನಿನಲ್ಲಿ ತೋರಿಸಿ, "ಇದನ್ನು ಯಾರು ಬರೀತಿದ್ದಾರೆ ಅನ್ಸುತ್ತೆ?" ಅಂತ ಮಾತ್ರ ಕೇಳಿದೆ. ಇಬ್ಬರು "ಆಫೀಸಿನ ಹುಡುಗ" ಅಂದರು. ಯೋಚಿಸಿದರೆ ಅವರು ಹೇಳಿದ್ದೇ ಸರಿ. ಸಹಾಯಕ ಅಂದರೆ ಗಂಡಸು, ಸಹಾಯಕಿ ಅಂದರೆ ಹೆಂಗಸು. ಆ ಪದದ ಕೊನೆಯಲ್ಲೇ ಒಬ್ಬ ಮನುಷ್ಯ ಇದ್ದಾನೆ. ಮುಂದೆ "ಡಿಜಿಟಲ್" ಸೇರಿಸಿದರೆ ಕಂಪ್ಯೂಟರ್ ಮುಂದೆ ಕೂತ ಹುಡುಗ ಆಗುತ್ತಾನೆ, ಅಷ್ಟೇ. ಬರೀ "ಬಾಟ್" ಅಂದರೆ ವಯಸ್ಸಾದವರಿಗೆ ಏನೂ ಹೊಳೆಯಲಿಲ್ಲ. ಕೊನೆಗೆ "ಚಾಟ್‌ಬಾಟ್, ಅಂದರೆ ತಾನಾಗಿ ಉತ್ತರಿಸುವ ಕಂಪ್ಯೂಟರ್" ಅಂತ ಬಿಡಿಸಿ ಬರೆದ ಮೇಲೆ ನಾಲ್ವರೂ ಸರಿಯಾಗಿ ಹೇಳಿದರು.

"ನಾನು" ಅನ್ನುವುದನ್ನು ಇಟ್ಟುಕೊಂಡೆ. "ಈ ವ್ಯವಸ್ಥೆಯು ಮಾಹಿತಿ ಒದಗಿಸುತ್ತದೆ" ಅಂತ ಬರೆದರೆ ನೋಟಿಸ್ ಬೋರ್ಡ್ ಓದಿದ ಹಾಗಾಗುತ್ತದೆ. "ಹೇಳುತ್ತೇನೆ, ತೋರಿಸುತ್ತೇನೆ" ಅಂದಾಗ ಕ್ರಿಯಾಪದದಲ್ಲಿ ಗಂಡು ಹೆಣ್ಣಿನ ಗುರುತು ಬರುವುದಿಲ್ಲ, ಹಾಗಾಗಿ ಅದು ನಮಗೆ ಅನುಕೂಲ. ಆದರೆ ಒಂದು ಗೆರೆ ಹಾಕಿಕೊಂಡೆ. "ನಾನು" ಇರುವ ವಾಕ್ಯದಲ್ಲಿ ಆ ಪ್ರೋಗ್ರಾಮ್ ನಿಜವಾಗಿ ಮಾಡುವ ಕೆಲಸದ ಕ್ರಿಯಾಪದ ಮಾತ್ರ ಬರಬೇಕು. ಹುಡುಕುತ್ತೇನೆ, ಬರೆದುಕೊಳ್ಳುತ್ತೇನೆ, ಕಳಿಸುತ್ತೇನೆ ಇರಬಹುದು. ಖುಷಿಯಾಯ್ತು, ನಿಮ್ಮ ಕಷ್ಟ ಅರ್ಥವಾಗುತ್ತದೆ, ಸ್ವಲ್ಪ ಇರಿ ನೋಡ್ಕೊಂಡು ಬರ್ತೀನಿ, ಇವೆಲ್ಲ ಹೋದವು.

ಹಾಗಾದರೆ ಆತ್ಮೀಯತೆ ಎಲ್ಲಿಂದ ಬರಬೇಕು? ಬಂದವರು ಯಾಕೆ ಬಂದಿದ್ದಾರೆ ಅಂತ ಮೊದಲೇ ಗೊತ್ತಿದ್ದರೆ ಅದು ತಾನಾಗಿ ಬರುತ್ತದೆ. ಒಂದು ವಾರದ ಚಾಟ್‌ಗಳಲ್ಲಿ ಗಿರಾಕಿಗಳ ಮೊದಲ ಸಾಲನ್ನು ಮಾತ್ರ ಓದಿ ಗುಂಪು ಮಾಡಿದೆ. ಹೆಚ್ಚಿನವು ಮೂರೇ ಬಗೆ: ಆರ್ಡರ್ ಇನ್ನೂ ಬಂದಿಲ್ಲ, ಸೈಜ್ ಸರಿಯಾಗಿಲ್ಲ, ಹಣ ವಾಪಸ್ ಬಂದಿಲ್ಲ. ಮೊದಲ ಎರಡನ್ನು ಬಾಟ್ ಮಾಡುತ್ತದೆ. ಮೂರನೆಯದು ಅದರ ಕೈಯಲ್ಲಿಲ್ಲ, ಹಣದ ಲೆಕ್ಕ ನೋಡುವ ಅನುಮತಿಯನ್ನೇ ನಾವು ಅದಕ್ಕೆ ಕೊಟ್ಟಿಲ್ಲ. ಹಾಗಿದ್ದರೆ ಅದನ್ನೂ ಮೊದಲ ಮಾತಿನಲ್ಲೇ ಹೇಳಬೇಕು. ಕೊನೆಗೆ ನಿಂತದ್ದು ಇದು:

"ನಮಸ್ಕಾರ. ನಾನು ಈ ಅಂಗಡಿಯ ಚಾಟ್‌ಬಾಟ್, ಅಂದರೆ ತಾನಾಗಿ ಉತ್ತರಿಸುವ ಕಂಪ್ಯೂಟರ್. ನಿಮ್ಮ ಆರ್ಡರ್ ಎಲ್ಲಿದೆ ಅಂತ ಹುಡುಕಿ ಹೇಳುತ್ತೇನೆ. ಸೈಜ್ ಬದಲಿಸಬೇಕಿದ್ದರೆ ಬರೆದುಕೊಳ್ಳುತ್ತೇನೆ. ಹಣ ವಾಪಸ್ ಬರಬೇಕಿದ್ದರೆ ನಮ್ಮ ಸಿಬ್ಬಂದಿಯೇ ನೋಡಬೇಕು, ಅವರಿಗೆ ಈಗಲೇ ಕೊಡುತ್ತೇನೆ."

ಕೆಳಗೆ ಮೂರು ಬಟನ್. ನಾವು ವಾಟ್ಸಾಪ್‌ನಲ್ಲೂ ಇರುವುದರಿಂದ ಅಲ್ಲಿನ ಮಿತಿಗೆ ಒಗ್ಗಬೇಕಿತ್ತು: ಉತ್ತರದ ಬಟನ್ ಹೆಚ್ಚೆಂದರೆ ಮೂರು, ಒಂದೊಂದರಲ್ಲಿ 20 ಅಕ್ಷರ. ಕನ್ನಡಕ್ಕೆ ಇದು ತುಂಬಾ ಬಿಗಿ, ಯಾಕೆಂದರೆ ಗುಣಿತ, ಸೊನ್ನೆ ಒಂದೊಂದು ಅಕ್ಷರವಾಗಿ, ಒತ್ತು ಎರಡು ಅಕ್ಷರವಾಗಿ ಲೆಕ್ಕಕ್ಕೆ ಬರುತ್ತವೆ. "ಬ್ಬಂ" ಕಣ್ಣಿಗೆ ಒಂದೇ, ಲೆಕ್ಕದಲ್ಲಿ ನಾಲ್ಕು. "ಸಿಬ್ಬಂದಿಯೊಂದಿಗೆ ಮಾತನಾಡಿ" ಆ ಮಿತಿಯಲ್ಲಿ ಹಿಡಿಯಲಿಲ್ಲ. "ಸಿಬ್ಬಂದಿ ಬೇಕು" ಅಂತ ಮಾಡಿದೆ. ಗಿರಾಕಿಗಳು ಹೇಳುವುದೂ ಹಾಗೇ ತಾನೆ. ಉಳಿದೆರಡು "ಆರ್ಡರ್ ಎಲ್ಲಿದೆ?" ಮತ್ತು "ಸೈಜ್ ಬದಲಿಸಬೇಕು". ಮೂರೂ ಗಿರಾಕಿಯ ಬಾಯಲ್ಲಿ ಬರುವ ಮಾತಿನ ಹಾಗೆ ಇರಲಿ ಅಂತ ನೋಡಿಕೊಂಡೆ.

ಇದನ್ನು ಹಾಕಿದ ಮೊದಲ ರಾತ್ರಿಯೇ ಒಂದು ತಪ್ಪು ಬಯಲಾಯಿತು. ಹನ್ನೊಂದು ಗಂಟೆಗೆ ಒಬ್ಬರು "ಸಿಬ್ಬಂದಿ ಬೇಕು" ಒತ್ತಿದ್ದರು. "ಈಗಲೇ ಕೊಡುತ್ತೇನೆ" ಅಂದಿತ್ತು ಬಾಟ್. ಆದರೆ ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಇರುವುದಿಲ್ಲ. ಅವರು ನಲವತ್ತು ನಿಮಿಷ ಕಾದಿದ್ದರು. ಮನುಷ್ಯ ಅಂತ ನಟಿಸುವುದನ್ನು ಬಿಟ್ಟು, ಇಲ್ಲದ ಮನುಷ್ಯರನ್ನು ಇದ್ದಾರೆ ಅಂದುಬಿಟ್ಟಿದ್ದೆ. ಮಾರನೇ ದಿನವೇ ಎರಡು ಮಾತು ಮಾಡಿದೆ. ಹಗಲಿನದ್ದು ಮೇಲಿನದ್ದೇ. ರಾತ್ರಿಯದರಲ್ಲಿ ಕೊನೆಯ ವಾಕ್ಯ ಹೀಗೆ: "ಹಣದ ವಿಚಾರ ನೋಡುವ ಸಿಬ್ಬಂದಿ ಬೆಳಿಗ್ಗೆ 10ಕ್ಕೆ ಬರುತ್ತಾರೆ. ಆರ್ಡರ್ ನಂಬರ್ ಬರೆದಿಡಿ, ಅವರು ಮೊದಲು ನಿಮ್ಮದನ್ನೇ ತೆರೆಯುವ ಹಾಗೆ ಸಾಲಿನಲ್ಲಿ ಇಡುತ್ತೇನೆ." ಬರೆದು ಮುಗಿಸಿ ಮತ್ತೆ ಓದಿದೆ. ರಾತ್ರಿ ಹತ್ತು ಜನ ಬಂದರೆ ಎಲ್ಲರದನ್ನೂ ಮೊದಲು ತೆರೆಯಲು ಆಗುತ್ತದಾ? ಅದನ್ನು ಅಳಿಸಿ, "ಬಂದ ಸಾಲಿನಲ್ಲೇ ನೋಡುತ್ತಾರೆ" ಅಂತ ಬದಲಿಸಿದೆ.

ಇನ್ನೊಂದು ಸಣ್ಣ ವಿಷಯ. ಮೊದಲ ಸಾಲನ್ನು ಎಲ್ಲರೂ ಓದುವುದಿಲ್ಲ, ಸುಮ್ನೆ ನೇರವಾಗಿ ಟೈಪ್ ಮಾಡಲು ಶುರು ಮಾಡುತ್ತಾರೆ. ಹಾಗಾಗಿ ಮಧ್ಯದಲ್ಲಿ ಯಾರಾದರೂ "ಯಾರು ಮಾತಾಡ್ತಿರೋದು?", "ನೀವು ಮನುಷ್ಯರಾ?", "ಮೇಡಂ ಇದ್ದೀರಾ?" ಅಂತ ಕೇಳಿದರೆ ಮೆನು ಕಳಿಸದೆ "ಇಲ್ಲ, ನಾನು ಕಂಪ್ಯೂಟರ್. ಮನುಷ್ಯರ ಜೊತೆ ಮಾತಾಡಬೇಕಿದ್ದರೆ ಇದನ್ನು ಒತ್ತಿ" ಅನ್ನುವ ಹಾಗೆ ಮಾಡಿದೆ. ಕೇಳುವ ರೀತಿಗಳ ಪಟ್ಟಿ ಇನ್ನೂ ಬೆಳೆಯುತ್ತಿದೆ, ಹಳೆಯ ಚಾಟ್‌ಗಳಿಂದಲೇ ಆರಿಸಿ ಸೇರಿಸುತ್ತೇನೆ. ಸಿಬ್ಬಂದಿ ಚಾಟ್‌ಗೆ ಬಂದಾಗ ಮೊದಲ ಸಾಲಿನಲ್ಲಿ ತಮ್ಮ ನಿಜವಾದ ಹೆಸರು ಹೇಳುತ್ತಾರೆ, ಚಾಟ್‌ಬಾಟ್ ಅನ್ನುವ ಗುರುತು ಹೋಗಿ ಅವರ ಹೆಸರು ಬರುತ್ತದೆ.

ಮೊನ್ನೆ ಒಬ್ಬರು ಅದೇ ತರಹ ಶೂವಿನ ಅಡಿಭಾಗದ ಬಗ್ಗೆ ಕೇಳಿದ್ದರು. ಆದರೆ ಬಾಟ್‌ಗೆ ಬರೆದದ್ದು ಎರಡೇ ಪದ: "ಸಿಬ್ಬಂದಿ ಬೇಕು." ಅಪ್ಪನ ಮೊಣಕಾಲಿನ ಕಥೆಯಂಥದ್ದೆಲ್ಲ ಅವರು ನಮ್ಮ ಹುಡುಗಿ ಬಂದು ಹೆಸರು ಹೇಳಿದ ಮೇಲೆ ಶುರು ಮಾಡಿದರು. ಅವಳು ಎದ್ದು ಹೋಗಿ ಬಾಕ್ಸ್ ತೆಗೆದು ನೋಡಿ ಬಂದಳು.