ಮನೆ ಎತ್ತರವಾಯಿತು, ಹಳೇ ಪಂಪು ಸಾಕಾ?

ಮನೆ ಮೇಲೆ ಇನ್ನೆರಡು ಮಹಡಿ ಎದ್ದ ತಕ್ಷಣ ಬಹಳ ಮಂದಿ ಅರ್ಧ ಎಚ್‌ಪಿ ಪಂಪು ಕಿತ್ತು ಒಂದು ಎಚ್‌ಪಿಯದು ತರುತ್ತಾರೆ. ಇನ್ನು ಕೆಲವರು ನೇಮ್‌ಪ್ಲೇಟ್ ನೋಡಿ, ‘ಹೆಡ್ 24 ಮೀಟರ್, ನೀರು 2200 ಲೀಟರ್ ಅಂತ ಇದೆಯಲ್ಲ, ಧಾರಾಳ ಸಾಕು’ ಎಂದು ಸುಮ್ಮನಾಗುತ್ತಾರೆ. ಎರಡೂ ತಪ್ಪು. ಅಳತೆ ಟೇಪು, ಬಕೆಟ್, ಗಡಿಯಾರ ಇದ್ದರೆ ಉತ್ತರ ನೀವೇ ಕಂಡುಕೊಳ್ಳಬಹುದು. ಇಲ್ಲಿ ಹೇಳುವುದು ಸಂಪಿನಿಂದ ತಾರಸಿ ಟ್ಯಾಂಕಿಗೆ ನೀರೆತ್ತುವ ಚಿಕ್ಕ ಸೆಲ್ಫ್ ಪ್ರೈಮಿಂಗ್ ಪಂಪಿನ ವಿಚಾರ. ಪ್ಲೇಟಿನ ಮೇಲೆ ಐಎಸ್ 8472 ಎಂದಿದ್ದರೆ ಅದೇ ಜಾತಿ. ಬೋರ್‌ವೆಲ್‌ನದು ಬೇರೆ ಲೆಕ್ಕ.

ಮೊದಲು ಪ್ಲೇಟ್ ಓದಿ

ಮೇನ್ ಸ್ವಿಚ್ ಆಫ್ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಇರುವ ಅಕ್ಷರವೂ ಹೋಗುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಮಾಸಿದ ಅಂಕಿಯೂ ಕಾಣುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ.

ಬೇಕಾದ್ದು ಮೂರೇ ವಿಷಯ: ನೀರೆತ್ತುವ ಎತ್ತರ ಅಂದರೆ ಹೆಡ್, ಬರುವ ನೀರು ಅಂದರೆ ಡಿಸ್ಚಾರ್ಜ್, ಎಳೆಯುವ ಕರೆಂಟು ಅಂದರೆ ಆಂಪ್ಸ್. ನಮ್ಮ ಉದಾಹರಣೆಯ ಅರ್ಧ ಎಚ್‌ಪಿ ಪಂಪಿನ ಮೇಲೆ ಹೆಡ್ 6/24 ಮೀಟರ್, ಡಿಸ್ಚಾರ್ಜ್ 2200/400 ಎಲ್‌ಪಿಎಚ್ ಎಂದಿದೆ ಅಂತಿಟ್ಟುಕೊಳ್ಳಿ. ಎಲ್‌ಪಿಎಚ್ ಅಂದರೆ ಗಂಟೆಗೆ ಎಷ್ಟು ಲೀಟರ್ ಎಂದು. ಎಲ್‌ಪಿಎಂ ಎಂದಿದ್ದರೆ ಅದು ನಿಮಿಷದ ಲೆಕ್ಕ, 60ರಿಂದ ಗುಣಿಸಿ.

ಇಲ್ಲೇ ಎಲ್ಲರೂ ಎಡವುವುದು. 24 ಮೀಟರಿಗೆ 2200 ಲೀಟರ್ ಎತ್ತುತ್ತದೆ ಅಂತ ಅರ್ಥ ಅಲ್ಲ. 6 ಮೀಟರಿಗೆ 2200, 24 ಮೀಟರಿಗೆ ಬರೀ 400. ಎತ್ತರ ಏರಿದಷ್ಟೂ ನೀರು ಇಳಿಯುತ್ತದೆ. ಅಂಗಡಿ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಎರಡು ಗರಿಷ್ಠಗಳನ್ನು ಮಾತ್ರ ಅಚ್ಚು ಹಾಕಿ, ಮಧ್ಯದ ಪಟ್ಟಿಯನ್ನೇ ಕೊಡದ ಪಂಪನ್ನು ನಾನಂತೂ ಕೊಳ್ಳಬೇಡಿ ಎನ್ನುತ್ತೇನೆ.

ಮನೆಯ ಹೆಡ್ ಎಷ್ಟು?

ಇದು ನಿಧಾನವಾಗಿ ಮಾಡಬೇಕಾದ ಕೆಲಸ. ‘ಮೂರು ಮಹಡಿ, ಅಂದಮೇಲೆ 30 ಅಡಿ’ ಎನ್ನುವ ಪ್ಲಂಬರ್ ಲೆಕ್ಕ ಸಾಲದು. ಹೆಡ್ ಎಂದರೆ ಸಂಪಿನ ನೀರಿನ ಮಟ್ಟದಿಂದ ಟ್ಯಾಂಕಿಗೆ ನೀರು ಬೀಳುವ ಪೈಪಿನ ಬಾಯಿಯವರೆಗಿನ ಎತ್ತರ. ಜೊತೆಗೆ ಪೈಪಿನೊಳಗಿನ ಉಜ್ಜಾಟದ ನಷ್ಟ.

ಸಂಪು ತುಂಬಿದಾಗ ಅಳೆಯಬೇಡಿ, ನೀರು ತಳಕ್ಕೆ ಹೋದಾಗ ಅಳೆಯಿರಿ. ನಮ್ಮ ಮನೆಯಲ್ಲಿ ಪಂಪಿನಿಂದ ಕೆಳಗೆ ನೀರಿನವರೆಗೆ 2.5 ಮೀಟರ್ ಎನ್ನಿ. ಪಂಪಿನಿಂದ ಮೇಲಕ್ಕೆ, ಟ್ಯಾಂಕಿನ ಸ್ಟ್ಯಾಂಡು, ಟ್ಯಾಂಕಿನ ಎತ್ತರ ಎಲ್ಲ ಸೇರಿ, 13 ಮೀಟರ್. ತಾರಸಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು ಅಳೆದರೆ ಅನುಮಾನವೇ ಇರುವುದಿಲ್ಲ. ಒಟ್ಟು 15.5 ಮೀಟರ್.

ಈಗ ಪೈಪಿನ ನಷ್ಟ. ಪೈಪಿನ ಉದ್ದ ಅಳೆದು, ಒಂದೊಂದು ಎಲ್ಬೋಗೂ ಮುಕ್ಕಾಲು ಮೀಟರ್, ಸಂಪಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿಗೆ ಎರಡು ಮೂರು ಮೀಟರ್ ಸೇರಿಸಿ. ನಮ್ಮಲ್ಲಿ ಅದು 35 ಮೀಟರ್ ಆಯಿತು. ಒಂದಿಂಚಿನ ಪೈಪಿನಲ್ಲಿ ಗಂಟೆಗೆ 1200 ಲೀಟರ್ ಹರಿದರೆ 100 ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ 2.6 ಮೀಟರ್ ನಷ್ಟ. ನಮ್ಮ 35ಕ್ಕೆ ಒಂದು ಮೀಟರ್ ಹತ್ತಿರ. ಒಟ್ಟು ಹೆಡ್ 16.5 ಮೀಟರ್.

ಎರಡು ಸಂಗತಿ ಮರೆಯಬೇಡಿ. ಪೈಪು ಮುಕ್ಕಾಲಿಂಚಿನದಾದರೆ ಅಷ್ಟೇ ನೀರಿಗೆ ನಷ್ಟ ಸುಮಾರು ಮೂರು ಪಟ್ಟು. ನೀರಿನ ಹರಿವು ಇಮ್ಮಡಿಯಾದರೆ ನಷ್ಟ ಮೂರೂವರೆ ಪಟ್ಟು. ಹಳೇ ಮುಕ್ಕಾಲಿಂಚಿನ ಪೈಪಿಗೆ ಒಂದು ಎಚ್‌ಪಿ ಪಂಪು ಕೂರಿಸಿ 2400 ಲೀಟರ್ ನೂಕಲು ಹೋದರೆ, ಇದೇ ಮನೆಯಲ್ಲಿ ಪೈಪಿನ ಉಜ್ಜಾಟಕ್ಕೇ 10 ಮೀಟರ್ ಹೋಗುತ್ತದೆ! ಪಂಪಿಗೆ ದುಡ್ಡು ಸುರಿಯುವ ಮೊದಲು ಪೈಪು ನೋಡಿ.

ಕರ್ವ್ ಓದುವುದು

ಕಂಪನಿಯ ಕ್ಯಾಟಲಾಗಿನಲ್ಲಿ ಕರ್ವ್ ಇರುತ್ತದೆ. ಎಡಗಡೆ ಮೇಲಕ್ಕೆ ಹೆಡ್, ಕೆಳಗೆ ಅಡ್ಡಕ್ಕೆ ಡಿಸ್ಚಾರ್ಜ್. ನಿಮ್ಮ ಹೆಡ್‌ನಿಂದ ಅಡ್ಡ ಗೆರೆ ಎಳೆದು, ಅದು ಕರ್ವನ್ನು ಮುಟ್ಟಿದಲ್ಲಿಂದ ಕೆಳಗಿಳಿಯಿರಿ. ಹಳೇ ಪಂಪಿನ ಕ್ಯಾಟಲಾಗು ಸಿಗದಿದ್ದರೆ ಪ್ಲೇಟಿನ ಎರಡು ತುದಿಗಳನ್ನು ಗೆರೆಯಿಂದ ಸೇರಿಸಿ. ಈ ಜಾತಿಯ ಪಂಪಿನ ಕರ್ವ್ ಹೆಚ್ಚುಕಡಿಮೆ ನೇರವಾಗಿಯೇ ಇಳಿಯುವುದರಿಂದ ಮನೆ ಲೆಕ್ಕಕ್ಕೆ ಅಷ್ಟು ಸಾಕು.

ನಮ್ಮ ಪಂಪು 18 ಮೀಟರ್ ಅಂತರದಲ್ಲಿ 1800 ಲೀಟರ್ ಕಳೆದುಕೊಳ್ಳುತ್ತದೆ, ಮೀಟರಿಗೆ 100. ಹಾಗಾಗಿ 16.5 ಮೀಟರಿಗೆ ಗಂಟೆಗೆ 1150 ಲೀಟರ್ ಕೊಡಬೇಕು. ಮೂರು ಮಹಡಿಯಲ್ಲಿ 12 ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೂ 1620 ಲೀಟರ್. ದಿನಕ್ಕೆ ಒಂದೂವರೆ ಗಂಟೆ ಓಡಿದರೆ ಮುಗಿಯಿತು. ಅಂದರೆ ಈ ಮನೆಗೆ ಅರ್ಧ ಎಚ್‌ಪಿ ಸಾಕು. ಲೆಕ್ಕದ ಹೆಡ್ 20 ದಾಟಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಕರ್ವಿನ ತುತ್ತತುದಿಯಲ್ಲಿ ಓಡಿಸಿದರೆ ವೋಲ್ಟೇಜ್ ಸ್ವಲ್ಪ ಇಳಿದರೂ ನೀರು ಮೇಲೆ ತಲುಪುವುದಿಲ್ಲ, ಮೋಟಾರ್ ಮಾತ್ರ ಬಿಸಿಯಾಗುತ್ತದೆ.

ಕಾಗದ ಬಿಟ್ಟು ಬಕೆಟ್ ಹಿಡಿಯಿರಿ

ಕರ್ವ್ ಹೇಳುವುದು ಹೊಸ ಪಂಪಿನ ಕಥೆ. ನಿಮ್ಮದು ಸವೆದಿದೆಯೋ ಇಲ್ಲವೋ ಎಂದು ತಿಳಿಯಲು 20 ಲೀಟರಿನ ಬಕೆಟ್ ಬೇಕು. ಕೆಳಗೆ ನಲ್ಲಿಯ ಹತ್ತಿರ ಹಿಡಿಯಬೇಡಿ. ಅಲ್ಲಿ ಹೆಡ್ ಕಡಿಮೆ, ಎಂಥ ಪಂಪೂ ಪಾಸಾಗುತ್ತದೆ. ಟ್ಯಾಂಕಿನ ಬಾಯಲ್ಲೇ ಹಿಡಿಯಬೇಕು. ಒಬ್ಬರು ಬಕೆಟ್, ಇನ್ನೊಬ್ಬರು ಗಡಿಯಾರ. ನೀರು ಒಂದೇ ಸಮ ಬರಲು ಶುರುವಾದ ಮೇಲೆ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 72000ವನ್ನು ಸೆಕೆಂಡಿನಿಂದ ಭಾಗಿಸಿದರೆ ಎಲ್‌ಪಿಎಚ್ ಬಂತು.

1150 ಲೀಟರ್ ಕೊಡುವ ಪಂಪು ಬಕೆಟನ್ನು 63 ಸೆಕೆಂಡಿನಲ್ಲಿ ತುಂಬಿಸಬೇಕು. 70 ಆದರೂ ಪರವಾಗಿಲ್ಲ. 90 ಸೆಕೆಂಡ್ ಹಿಡಿದರೆ ಬರುತ್ತಿರುವುದು 800 ಲೀಟರ್, ಕಾಲು ಭಾಗಕ್ಕಿಂತ ಜಾಸ್ತಿ ಖೋತಾ. ಹಾಗಂತ ಪಂಪನ್ನು ಗುಜರಿಗೆ ಹಾಕಬೇಡಿ. ನೀರು ಬುಸುಬುಸು ಎಂದು ಗಾಳಿ ಸೇರಿಕೊಂಡು ಬರುತ್ತಿದ್ದರೆ ಸಂಪಿನ ಕಡೆಯ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆ. ಅದನ್ನು ಮೊದಲು ಸರಿಮಾಡಿಸಿ.

ಗಾಳಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆದು ಕ್ಲ್ಯಾಂಪ್ ಮೀಟರಿನಲ್ಲಿ ಆಂಪ್ಸ್ ನೋಡಿಸಿ, ಪ್ಲೇಟಿನ ಅಂಕಿಗೆ ಹೋಲಿಸಿ. ಈ ಪಂಪು ಒತ್ತಡ ಏರಿದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ. ಹಾಗಾಗಿ ನೀರು ಕಮ್ಮಿ, ಆಂಪ್ಸ್ ಜಾಸ್ತಿ ಎಂದರೆ ಮೇಲಿನ ಪೈಪು ಕಟ್ಟಿದೆ ಅಥವಾ ವಾಲ್ವ್ ಪೂರ್ತಿ ತೆರೆದಿಲ್ಲ. ವಾಲ್ವ್ ಮುಚ್ಚಿ ಪಂಪು ಓಡಿಸುವ ಪರೀಕ್ಷೆಯನ್ನು ಈ ಜಾತಿಯಲ್ಲಿ ಯಾವತ್ತೂ ಮಾಡಬೇಡಿ, ವೈಂಡಿಂಗ್ ಸುಟ್ಟೀತು. ನೀರೂ ಕಮ್ಮಿ, ಆಂಪ್ಸೂ ಕಮ್ಮಿ ಎಂದರೆ ಬಹುಮಟ್ಟಿಗೆ ಒಳಗೆ ತಿರುಗಿ ನೀರು ನೂಕುವ ಚಕ್ರ, ಅಂದರೆ ಇಂಪೆಲ್ಲರ್, ಸವೆದಿದೆ. ಇದರ ಇಂಪೆಲ್ಲರ್‌ಗೂ ಗೋಡೆಗೂ ನಡುವೆ ಕೂದಲೆಳೆಯಷ್ಟೇ ಜಾಗ. ಸಂಪಿನ ಮರಳು ಅದನ್ನು ಅಗಲ ಮಾಡಿದರೆ ನೀರು ಒಳಗೇ ಸುತ್ತುತ್ತದೆ.

ಆಗ ಅದೇ ಕಂಪನಿಯ ಇಂಪೆಲ್ಲರ್ ಹಾಕಿಸಿ. ‘ಎಲ್ಲಕ್ಕೂ ಹೊಂದುತ್ತೆ ಸಾರ್’ ಎಂದು ಕೊಡುವ ಅಗ್ಗದ್ದು ಬೇಡ. ಅದರ ಸುತ್ತಲಿನ ಗೋಡೆ, ಅಂದರೆ ಕೇಸಿಂಗೂ ಗೀರಿದ್ದರೆ ಮಾತ್ರ ಹೊಸ ಪಂಪು. ಅಂಗಡಿಯಲ್ಲಿ ಎಚ್‌ಪಿ ಕೇಳಬೇಡಿ. ‘16.5 ಮೀಟರ್ ಹೆಡ್‌ಗೆ ಗಂಟೆಗೆ 1150 ಲೀಟರ್ ಕೊಡುವುದು ಯಾವುದು, ಕರ್ವ್ ತೋರಿಸಿ’ ಎಂದು ಕೇಳಿ. ಹೊಸದು ಕೂರಿಸುವ ದಿನ ಸಂಪು ತೊಳೆಸಿ, ಫುಟ್‌ವಾಲ್ವನ್ನು ತಳದಿಂದ ಅರ್ಧ ಅಡಿ ಮೇಲೆ ನಿಲ್ಲಿಸಿ.