ನಾಚಿಕೆಯ ಗೌರಿ ಕಬಡ್ಡಿ ಅಂಕಣಕ್ಕೆ ಇಳಿದಾಗ: ಒಂದು ಮಕ್ಕಳ ಕಥೆ ಬರೆದ ಬಗೆ

ನಾಲ್ಕು–ಐದನೇ ಕ್ಲಾಸಿನ ಮಕ್ಕಳಿಗಾಗಿ ಬರೆದ ಕಥೆ ಇದು. ತೀರ್ಥಹಳ್ಳಿ ಕಡೆಯ ಒಂದು ಶಾಲೆ, ಕೆಮ್ಮಣ್ಣಿನ ಬಯಲು, ಬೂದಿಯಲ್ಲಿ ಎಳೆದ ಗೆರೆ. ಮೊದಲ ಕರಡಿನಲ್ಲಿ ಗೌರಿ ಕೊನೆಯ ರೈಡಿಗೆ ಹೋಗಿ ಮೂವರನ್ನು ಮುಟ್ಟಿ ಬರುತ್ತಿದ್ದಳು. ಓದಲು ಜೋರಾಗಿತ್ತು, ಆದರೆ ಕಥೆ ಸುಳ್ಳಾಗಿತ್ತು. ರೈಡಿಗೆ ಹೋಗುವವರು ಒಬ್ಬರೇ, ಅಲ್ಲಿ ಒಗ್ಗಟ್ಟು ಕಾಣುವುದಿಲ್ಲ. ಅದೂ ಅಲ್ಲದೆ, ಹಾಜರಿ ಕೂಗಿದರೆ ದನಿಯೇ ಹೊರಡದ ಹುಡುಗಿ ಎಲ್ಲರೆದುರು ‘ಕಬಡ್ಡಿ ಕಬಡ್ಡಿ’ ಎಂದು ಕೂಗುತ್ತಾ ಓಡಿದಳು ಅಂದರೆ ಯಾವ ಮಗು ನಂಬೀತು?

ಕಬಡ್ಡಿಯಲ್ಲಿ ಒಗ್ಗಟ್ಟು ಕಣ್ಣಿಗೆ ಕಾಣುವ ಜಾಗ ಒಂದಿದೆ, ಚೈನ್. ಅಕ್ಕಪಕ್ಕದ ಇಬ್ಬರು ಕೈ ಕೈ ಹಿಡಿದು ನಿಂತು ರೈಡರ್ ದಾರಿ ಮುಚ್ಚುತ್ತಾರೆ. ಅಲ್ಲಿ ಮಾತು ಬೇಡ, ಕೈ ಒತ್ತಿದರೆ ಸಾಕು. ಹಾಗಾಗಿ ಗೌರಿಯನ್ನು ಎಡಮೂಲೆಯ ಕಾರ್ನರಿನಲ್ಲಿ ನಿಲ್ಲಿಸಿ, ಅವಳ ಪಕ್ಕಕ್ಕೆ ಸಬೀನಾಳನ್ನು ತಂದೆ. ಕಥೆ ತಾನಾಗಿ ಹೊರಳಿತು.

ಮೊದಲು ತಪ್ಪು ನಡೆಯಬೇಕು, ಅದು ಆಟದ ಲೆಕ್ಕಕ್ಕೂ ಕೂಡಬೇಕು. ಎದುರು ತಂಡದ ಉಮಾ ರೈಡಿಗೆ ಬಂದು ಮೈಮೇಲೆ ನುಗ್ಗಿದಾಗ ಗೌರಿ ಕೈ ಸಡಿಲಬಿಟ್ಟು ಹಿಂದೆ ಸರಿಯುತ್ತಾಳೆ. ಉಮಾ ಅವಳ ಭುಜ ಮುಟ್ಟುತ್ತಾಳೆ. ಸಬೀನಾ ಒಬ್ಬಳೇ ಉಮಾಳ ಸೊಂಟ ಹಿಡಿದು, ಎಳೆದಾಡಿಸಿಕೊಂಡು ನಡುಗೆರೆವರೆಗೂ ಹೋಗುತ್ತಾಳೆ. ಉಮಾಳ ಕೈ ಗೆರೆ ದಾಟುತ್ತದೆ. ಹಿಡಿದು ನಿಲ್ಲಿಸಲಾಗದವಳೂ ಔಟು. ಏಳು ಜನರ ತಂಡ ಐದಕ್ಕೆ ಇಳಿಯಿತು. ಕೈ ಬಿಟ್ಟವಳು ಒಬ್ಬಳು, ಹೊರಗೆ ಹೋದವರು ಇಬ್ಬರು. ಇದನ್ನು ವಿವರಿಸಲು ಒಂದು ಸಾಲೂ ಬೇಕಾಗಲಿಲ್ಲ.

ಈ ದೃಶ್ಯದಲ್ಲಿ ಮೊದಲು ಮಳೆ ಇಟ್ಟಿದ್ದೆ. ಮಲೆನಾಡಲ್ವಾ, ಕೈ ತಂತಾನೇ ಮಳೆಗೆ ಹೋಗುತ್ತದೆ. ಆದರೆ ನೆಲ ಕೆಸರಾದರೆ ಕೈ ಜಾರಿದ್ದು ಮಳೆಯಿಂದ ಎಂದಾಗುತ್ತದೆ, ಗೌರಿಯ ಅಳುಕು ತೊಳೆದುಹೋಗುತ್ತದೆ. ಆಟವನ್ನು ಡಿಸೆಂಬರಿಗೆ ದೂಡಿದೆ, ಧೂಳು ಏಳುವ ಹೊತ್ತಿಗೆ.

ಔಟಾದವರು ಹೊರಗೆ ಕೂತಿರುತ್ತಾರಲ್ಲ, ಇಡೀ ಕಥೆಯಲ್ಲಿ ಸದ್ದಿಲ್ಲದ ಜಾಗ ಅದೊಂದೇ. ನಾಚಿಕೆಯ ಮಗು ಮಾತಾಡುವುದಾದರೆ ಅಲ್ಲೇ.

“ಎಂತ ಆಯ್ತೆ ನಿಂಗೆ?” ಅಂದಳು ಸಬೀನಾ.

ಗೌರಿ ಅಂಗೈ ತೋರಿಸಿದಳು. ಒದ್ದೆಯಾಗಿತ್ತು.

“ಮಣ್ಣು ಉಜ್ಜಿಕೊ ಮಾರಾಯ್ತಿ. ನಂದೂ ಬೆವರ್ತದೆ.”

ಇಷ್ಟೇ. ಮೊದಲು ಇಲ್ಲಿ ಮೇಷ್ಟ್ರು ಬಂದು ಒಗ್ಗಟ್ಟಿನ ಬಗ್ಗೆ ನಾಲ್ಕು ಮಾತು ಹೇಳುತ್ತಿದ್ದರು, ಅವರನ್ನು ಕಳಿಸಿಬಿಟ್ಟೆ.

ಮುಂದಿನ ಎಡವಟ್ಟು ಲೆಕ್ಕದ್ದು. ಒಂದು ಕರಡಿನಲ್ಲಿ ಗೌರಿ ತಂಡದ ಲಕ್ಷ್ಮಿ ರೈಡಿಗೆ ಹೋಗಿ ಒಬ್ಬಳನ್ನು ಮುಟ್ಟಿ ಬಂದಳು, ಔಟಾಗಿದ್ದ ಇಬ್ಬರೂ ಒಳಗೆ ಬಂದರು. ಹಾಗಾಗದು. ಎದುರಿನವರಲ್ಲಿ ಎಷ್ಟು ಜನ ಔಟೋ ಅಷ್ಟೇ ಜನ ವಾಪಸ್, ಅದೂ ಮೊದಲು ಔಟಾದವರು ಮೊದಲು. ದಿನಾ ಆಡುವ ಮಕ್ಕಳು ಇದನ್ನು ತಕ್ಷಣ ಹಿಡಿಯುತ್ತಾರೆ. ಲಕ್ಷ್ಮಿ ಇಬ್ಬರನ್ನು ಮುಟ್ಟುವ ಹಾಗೆ ತಿದ್ದಿದೆ. ಬೋನಸ್ ಗೆರೆ, ಸೂಪರ್ ಟ್ಯಾಕಲ್ ಇವನ್ನು ಕಥೆಗೆ ತರಲೇ ಇಲ್ಲ, ಒಂದೊಂದಕ್ಕೂ ಒಂದೊಂದು ಪ್ಯಾರಾ ವಿವರಣೆ ಬೇಡುತ್ತವೆ.

ಕೊನೆಯ ಹಿಡಿತಕ್ಕೆ ಕಾರಣ ಗೌರಿಯ ಸ್ವಭಾವದಿಂದಲೇ ಬರಬೇಕಿತ್ತು. ಅವಳು ಯಾರ ಮುಖವನ್ನೂ ನೋಡದೆ ನೆಲ ನೋಡುವವಳು ಎಂದು ಮೊದಲ ಸಾಲಲ್ಲೇ ಬರೆದಿದ್ದೆ. ಅದನ್ನೇ ಇಲ್ಲಿ ಬಳಸಿದೆ. ರೈಡರಿನ ಮುಖ, ಕೈ ನೋಡುವವರು ಮೋಸಹೋಗುತ್ತಾರೆ. ಕಾಲು ಚಾಚಿ ಮುಟ್ಟಲು ಬಂದಾಗ ರೈಡರ್ ಒಂದೇ ಕಾಲ ಮೇಲೆ ನಿಂತಿರುತ್ತಾಳೆ, ಹಿಡಿಯಲು ಅದೇ ಹೊತ್ತು.

“ಕಬಡ್ಡಿ ಕಬಡ್ಡಿ ಕಬಡ್ಡಿ… ಉಮಾಳ ಬಲಗಾಲು ಮೇಲೆದ್ದಿತು. ಗೌರಿ ಸಬೀನಾಳ ಕೈ ಒತ್ತಿದಳು.”

ಗೌರಿ ಪಾದ ಹಿಡಿದಳು, ಸಬೀನಾ ಸೊಂಟ. ಇಲ್ಲಿ ಚಿತ್ರ ಬರೆಯುವವರಿಗೆ ಒಂದು ಸೂಚನೆ ಕೊಟ್ಟೆ: ಚೈನಿನಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಬರೆಯಬೇಡಿ, ಬಿದ್ದರೆ ಬೆರಳು ತಿರುಚುತ್ತದೆ. ಅಂಗೈಗೆ ಅಂಗೈ ಇರಲಿ, ಮಕ್ಕಳು ಚಿತ್ರ ನೋಡಿ ಹಾಗೇ ಆಡುತ್ತಾರೆ.

ಹೆಸರಿನದೂ ಒಂದು ಮಾತು. ಮೊದಲು ಭಾಗೀರಥಿ ಎಂದಿಟ್ಟು ‘ಭಾಗಿ’ ಎಂದು ಕರೆದಿದ್ದೆ. ‘ಭಾಗಿಯಾದಳು’ ಎನ್ನುವ ಅರ್ಥ ಇಣುಕಿತು, ಪಾಠದ ವಾಸನೆ ಹೊಡೆಯಿತು, ಬದಲಿಸಿದೆ.

ಗೆದ್ದ ಮೇಲೆ ಗೌರಿ ಮಾತುಗಾತಿಯಾಗುವುದಿಲ್ಲ. ಮರುದಿನ ತಂಡ ಕಟ್ಟುವಾಗ ಎಲ್ಲರೂ “ನಾನು, ನಾನು” ಎಂದು ಕೂಗುತ್ತಿರುತ್ತಾರೆ. ಅವಳು ಸುಮ್ಮನೆ ಎಡಮೂಲೆಗೆ ಹೋಗಿ ನಿಂತು, ಬಗ್ಗಿ ಅಂಗೈಗೆ ಮಣ್ಣು ಉಜ್ಜಿಕೊಳ್ಳುತ್ತಾಳೆ. ಕಥೆಯನ್ನು ಅಲ್ಲಿಗೆ ನಿಲ್ಲಿಸಿದೆ.